ಯಾವ ಊರಿನ ಚಂದ್ರೋದಯ

ಅತ್ತೆ ನಮ್ಮ ಜೊತೆ ಇರಲು ವಿಜಾಪುರದ ಕಡೆಯಿಂದ ಹೈದರಾಬಾದಿಗೆ ಬಂದಾಗ ಎರಡು ಟ್ರಂಕು, ಒಂದು ಹಿತ್ತಾಳೆಯ ಗಣಪತಿ, ಹುಬ್ಬಳ್ಳಿಯಲ್ಲಿ ಅಚ್ಚಾದ ಆ ವರ್ಷದ ಕ್ಯಾಲೆಂಡರು ತಂದಿದ್ದರು. ಗಣಪತಿಗೆ ಅಡಿಗೆಮನೆಯ ಗೂಡಿನಲ್ಲಿ ಜಾಗ ಸಿಕ್ಕಿತು. ಕ್ಯಾಲೆಂಡರಿಗೆ ಮಾತ್ರ ಅವರಿಗೆ ಒಪ್ಪುವ ಮೊಳೆ ಸಿಗಲು ಎರಡು ದಿನ ಹಿಡಿಯಿತು. ಮಲಗುವ ಕೋಣೆಯಲ್ಲಿ ಬೇಡ, ನಡುಮನೆಯಲ್ಲಿ ಬಂದವರ ಕೈಗೆ ಸಿಗುತ್ತದೆ ಎಂದು ಕೊನೆಗೆ ಗಡಿಯಾರದ ಕೆಳಗೇ ತೂಗುಹಾಕಿಸಿದರು. ಆಗ ನನಗೆ ಕಾರಣ ಹೊಳೆಯಲಿಲ್ಲ. ತಿಂಗಳಿಗೊಮ್ಮೆ ಸಂಕಷ್ಟಿಯ ರಾತ್ರಿ ಅವರು ಆ ಎರಡನ್ನೂ ಒಟ್ಟಿಗೆ ನೋಡುತ್ತಾರೆಂದು ಮೊದಲ ತಿಂಗಳಲ್ಲೇ ತಿಳಿಯಿತು.

ನಾವಿದ್ದದ್ದು ಕುಷಾಯಿಗೂಡದಲ್ಲಿ. ನಮ್ಮವರಿಗೆ ಅಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ. ನಾನು ನಾರಾಯಣಗೂಡದ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಊರೆಲ್ಲ ಕಂಪ್ಯೂಟರಿನ ಹಿಂದೆ ಬಿದ್ದಿದ್ದ ಕಾಲ ಅದು. ಬಸ್ಸಿನ ಕಿಟಕಿಯಿಂದ ನೋಡಿದರೆ ಗೋಡೆ ಗೋಡೆಗೂ ಕೋರ್ಸಿನ ಬೋರ್ಡು, ಸಂದಿ ಸಂದಿಗೂ ಇಂಟರ್ನೆಟ್ ಅಂಗಡಿ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಪಾಠ ಮುಗಿಯುತ್ತಿದ್ದಂತೆ ಕಂಪ್ಯೂಟರ್ ಕ್ಲಾಸಿಗೆಂದು ಅಮೀರಪೇಟೆಗೆ ಓಡುತ್ತಿದ್ದರು. ನಾವಿದ್ದ ಕಾರ್ಖಾನೆಯ ಕಾಲನಿಯ ಒಳಗೆ ಮಾತ್ರ ಆ ಗಡಿಬಿಡಿ ಇರಲಿಲ್ಲ. ಸೈರನ್ನಿಗೆ ಏಳುವುದು, ಸೈರನ್ನಿಗೆ ಮನೆಗೆ ಬರುವುದು. ನಮ್ಮ ಸಾಲಿನಲ್ಲಿ ಧಾರವಾಡದವರು, ಬೀದರಿನವರು, ಮೈಸೂರಿನವರು ಇದ್ದರು. ಆದರೂ ಅತ್ತೆಗೆ ಹತ್ತಿರವಾದವರು ಕೆಳಗಿನ ಮನೆಯ ತೆಲುಗು ಹೆಂಗಸು. ಅವರಿಗೆ ಕನ್ನಡ ಬಾರದು, ಇವರಿಗೆ ತೆಲುಗು ಬಾರದು. ಇಬ್ಬರಿಗೂ ಸಂಕಷ್ಟಿ ಗೊತ್ತಿತ್ತು, ಅದು ಸಾಕಾಯಿತು.

ಅತ್ತೆ ಈ ಉಪವಾಸ ಹಿಡಿದದ್ದು ನಮ್ಮವರು ಹುಟ್ಟುವುದಕ್ಕಿಂತ ಮೊದಲು. ಹುಣ್ಣಿಮೆ ಕಳೆದ ನಾಲ್ಕನೆಯ ತಿಥಿ, ಚಂದ್ರ ಹುಟ್ಟುವ ಹೊತ್ತಿಗೆ ಚೌತಿ ಇರುವ ದಿನ. ಬೆಳಿಗ್ಗೆ ತಲೆಗೆ ಸ್ನಾನ, ಒಂದು ಲೋಟ ಚಹಾ, ಅಷ್ಟೇ. ಸಾಬುದಾಣಿ, ಶೇಂಗಾ ಎಂದು ಹೊಟ್ಟೆ ತುಂಬಿಸಿಕೊಳ್ಳುವ ಉಪವಾಸವನ್ನು ಅವರು ಉಪವಾಸ ಎಂದು ಒಪ್ಪುತ್ತಿರಲಿಲ್ಲ. ಸಂಜೆ ಮತ್ತೆ ಕೈಕಾಲು ಮುಖ ತೊಳೆದು ಗಣಪತಿಗೆ ನೀರು ಹಾಕಿ, ಕೆಂಪು ಗಂಧ ಹಚ್ಚಿ, ಸಿಕ್ಕರೆ ದಾಸವಾಳ, ಸಿಗದಿದ್ದರೆ ಯಾವುದಾದರೂ ಕೆಂಪು ಹೂವು, ಇಪ್ಪತ್ತೊಂದು ಕರಕಿ ಏರಿಸುತ್ತಿದ್ದರು. ವಿಜಾಪುರದ ಕಡೆ ನಾವು ಗರಿಕೆಗೆ ಕರಕಿ ಅನ್ನುತ್ತೇವೆ. ಕಾಲನಿಯ ಸಾರ್ವಜನಿಕ ನಲ್ಲಿಯ ನೀರು ಹರಿದುಹೋಗುವಲ್ಲಿ ಅದು ದಟ್ಟವಾಗಿ ಬೆಳೆದಿತ್ತು. ಮೂರು ಎಸಳಿನ ತುದಿಯನ್ನೇ ಚಿವುಟಿ ತರಬೇಕು, ಅದನ್ನು ಬೇರೆಯವರಿಂದ ತರಿಸುತ್ತಿರಲಿಲ್ಲ. ನೈವೇದ್ಯಕ್ಕೆ ದೊಡ್ಡ ಸಂಭ್ರಮವೇನಿಲ್ಲ. ಮೈಯಲ್ಲಿ ಶಕ್ತಿ ಇದ್ದ ತಿಂಗಳು ಮೋದಕ, ಇಲ್ಲದ ತಿಂಗಳು ಬೆಲ್ಲ, ಒಣಕೊಬ್ಬರಿ, ಎರಡು ಬಾಳೆಹಣ್ಣು. ಚಂದ್ರ ಕಂಡಮೇಲೆ ತಾಮ್ರದ ತಂಬಿಗೆಯಲ್ಲಿ ನೀರಿಗೆ ಹಾಲು, ಕೆಂಪು ಗಂಧ, ಅಕ್ಷತೆ, ಹೂವು ಹಾಕಿ ತಿಥಿಗೆ, ಗಣಪತಿಗೆ, ಚಂದ್ರನಿಗೆ ಅರ್ಘ್ಯ ಬಿಡುತ್ತಿದ್ದರು. ಆಮೇಲೆ ನೈವೇದ್ಯ, ಆರತಿ, ಊಟ.

ಮೊದಲ ಸಂಕಷ್ಟಿಯ ದಿನ ಕ್ಯಾಲೆಂಡರಿನಲ್ಲಿದ್ದ ಚಂದ್ರೋದಯದ ಸಮಯ ನೋಡಿ ಅವರು ತಟ್ಟೆ ಹಿಡಿದು ಮಹಡಿಗೆ ಬಂದಾಗ ಚಂದ್ರ ಆಗಲೇ ನೀರಿನ ಟ್ಯಾಂಕಿನ ಮೇಲೆ ಬಂದಿದ್ದ. ಅವರಿಗೆ ಅದು ಸರಿಕಾಣಲಿಲ್ಲ. ಹುಟ್ಟುವಾಗಲೇ ಎದುರುಗೊಳ್ಳಬೇಕು ಎಂಬುದು ಅವರ ಪದ್ಧತಿ. ಹುಬ್ಬಳ್ಳಿ ನಮಗೆ ಪಶ್ಚಿಮಕ್ಕಿದೆ, ಅಲ್ಲಿಗಿಂತ ಇಲ್ಲಿ ಚಂದ್ರ ಸ್ವಲ್ಪ ಮೊದಲೇ ಹುಟ್ಟುತ್ತಾನೆ ಎಂದು ನಾನು ಹೇಳಿದೆ. ಅವರು ಅದನ್ನು ತಕ್ಷಣ ಒಪ್ಪಿಕೊಂಡರು.

"ಈ ಊರಿನ ನೀರು ಕುಡಿಯಾಕತ್ತೀನಿ, ಈ ಊರಿನ ಚಂದ್ರಾಮನ್ನ ನೋಡಬೇಕು," ಅಂದರು. "ಹುಬ್ಬಳ್ಳಿ ಹೊತ್ತು ತಗೊಂಡು ನಾ ಏನ ಮಾಡ್ಲಿ?"

ಆಮೇಲೆ ಚಳಿಗಾಲ, ಬೇಸಿಗೆಗಳಲ್ಲಿ ಸಮಯದ ಗೊಡವೆಯೇ ಬೀಳಲಿಲ್ಲ. ನಮ್ಮ ಕ್ವಾರ್ಟರ್ಸಿನ ಪೂರ್ವಕ್ಕೆ ಬಯಲು. ಅತ್ತೆ ಸ್ವಲ್ಪ ಮುಂಚೆಯೇ ಮಹಡಿ ಹತ್ತಿ ಚಾಪೆ ಹಾಸಿ ಕೂಡುತ್ತಿದ್ದರು. ಕೆಳಗಿನ ಮನೆಯವರದು ಬೇರೆ ಕ್ರಮ. ಅವರು ಅಕ್ಕಿ, ಉತ್ತತ್ತಿ, ಅಡಿಕೆ, ದಕ್ಷಿಣೆಯನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟು, ಸಂಜೆ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕಿ ಬರುತ್ತಿದ್ದರು. ಊಟಕ್ಕೆ ಮಾತ್ರ ಅವರೂ ಚಂದ್ರನಿಗಾಗಿ ಕಾಯುತ್ತಿದ್ದರು. ಹಾಗಾಗಿ ಮಹಡಿಯಲ್ಲಿ ಚಾಪೆಯ ಮೇಲೆ ಇಬ್ಬರು. ಮಾತು ಕಡಿಮೆ. ಒಬ್ಬರು ಬೆರಳು ತೋರಿಸಿದರೆ ಇನ್ನೊಬ್ಬರು ಏಳುತ್ತಿದ್ದರು.

ಮಳೆಗಾಲದಲ್ಲಿ ಏನು ಮಾಡುವುದು ಎಂಬ ಚಿಂತೆ ಅತ್ತೆಗೆ ಜ್ಯೇಷ್ಠದ ಕಾರ ಹುಣ್ಣಿಮೆಗಿಂತ ಮೊದಲೇ ಹತ್ತಿತು. ಮೋಡ ಇದ್ದರೆ ಚಂದ್ರ ಕಾಣುವುದಿಲ್ಲ. ಕಾಣದಿದ್ದರೂ ಹುಟ್ಟಿದ ಹೊತ್ತು ಗೊತ್ತಿದ್ದರೆ ಆ ದಿಕ್ಕಿಗೆ ಅರ್ಘ್ಯ ಬಿಟ್ಟು ಉಣ್ಣಬಹುದು. ಆದರೆ ಹುಬ್ಬಳ್ಳಿಯ ಕ್ಯಾಲೆಂಡರಿನ ಹಿಂಭಾಗದ ಪಟ್ಟಿಯಲ್ಲಿ ಬೆಳಗಾವಿ, ವಿಜಾಪುರ, ಸೊಲ್ಲಾಪುರಗಳೆಲ್ಲ ಇದ್ದವು, ಹೈದರಾಬಾದ್ ಇರಲಿಲ್ಲ. ಗುಡಿಯ ಪೂಜಾರಿಯನ್ನು ಕೇಳಿದರೆ ಒಂಬತ್ತರ ಮೇಲೆ ಎಂದಷ್ಟೇ ಹೇಳಿದರು. ಒಂಬತ್ತರ ಮೇಲೆ ಅಂದರೆ ಬೆಳಗಿನತನಕವೂ ಒಂಬತ್ತರ ಮೇಲೆಯೇ ಎಂದು ಅತ್ತೆ ಮನೆಗೆ ಬಂದು ಗೊಣಗಿದರು.

ನಮ್ಮವರು ಅದನ್ನು ಕೇಳಿಸಿಕೊಂಡು ಇಂಟರ್ನೆಟ್ಟಿನಲ್ಲಿ ಜಗತ್ತಿನ ಯಾವ ಊರಿನದಾದರೂ ಸಿಗುತ್ತದೆ ಅಂದರು. ಕಾರ್ಖಾನೆಯಲ್ಲಿ ಇಡೀ ದಿನ ಯಂತ್ರಗಳ ನಡುವೆ ಇರುವವರು, ತಾಯಿಗೆ ಉಪಯೋಗವಾಗುವ ಒಂದು ಕೆಲಸ ತಮ್ಮ ಕೈಗೆ ಬಂದದ್ದು ಅವರಿಗೆ ಖುಷಿ. ಸಂಕಷ್ಟಿಯ ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ, ಊರು ಆರಿಸಿ, ಸಮಯ ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರು. ಹತ್ತು ಗಂಟೆಗೆ ಸ್ವಲ್ಪ ಕಡಿಮೆ. ನಾನೂ ನೋಡಿದೆ. ಹುಬ್ಬಳ್ಳಿಯ ಸಮಯಕ್ಕಿಂತ ಅದು ತಡವಾಗಿತ್ತು. ಬೇಗ ಇರಬೇಕಾದದ್ದು ತಡ ಹೇಗಾಯಿತು ಎಂದು ಗಣಿತದ ಟೀಚರು ಆ ಕ್ಷಣ ಕೇಳಿಕೊಳ್ಳಬಹುದಿತ್ತು. ಆದರೆ ಮರುದಿನದ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದೆ, ಮನಸ್ಸು ಅಲ್ಲಿರಲಿಲ್ಲ. ಕಂಪ್ಯೂಟರು ಹೇಳಿದ್ದನ್ನು ಅನುಮಾನಿಸುವ ರೂಢಿ ಆಗ ಯಾರಿಗೂ ಇರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಅದೇ ಬೇಸಿಗೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. ಕಾಲನಿಯ ದವಾಖಾನೆಯ ಡಾಕ್ಟರಮ್ಮ ಬೆಳಿಗ್ಗೆ ಒಂದು, ರಾತ್ರಿ ಒಂದು ಗುಳಿಗೆ ಬರೆದುಕೊಟ್ಟು, ಊಟಕ್ಕೆ ಮುಂಚೆ ತಗೊಳ್ಳಿ ಎಂದಿದ್ದರು. ಉಪವಾಸದ ಮಾತು ಅಲ್ಲಿ ಬಂದಿರಲಿಲ್ಲ. ಡಾಕ್ಟರಮ್ಮ ಕೇಳಲಿಲ್ಲ, ಅತ್ತೆ ಹೇಳಲಿಲ್ಲ. ಗುಳಿಗೆಯನ್ನು ಅವರು ಔಷಧವೆಂದು ತಿಳಿದಿದ್ದರು, ಔಷಧ ಉಪವಾಸಕ್ಕೆ ಅಡ್ಡಿಯಲ್ಲ. ಹಾಗಾಗಿ ಸಂಕಷ್ಟಿಯ ದಿನವೂ ಬೆಳಿಗ್ಗೆ ಒಂದು ನುಂಗಿದರು. ಎಂಟು ಗಂಟೆಗೆ ದಿನದಂತೆ ರಾತ್ರಿಯ ಗುಳಿಗೆಯನ್ನೂ ನುಂಗಿದರು. ಅದು ನನಗೆ ಆಮೇಲೆ ತಿಳಿದದ್ದು.

ಅವತ್ತು ಮಧ್ಯಾಹ್ನದಿಂದಲೇ ಮೋಡ. ಸಂಜೆ ಒಂದು ಮಳೆ ಬಿದ್ದು ನಿಂತಿತು, ಆಕಾಶ ಮಾತ್ರ ತೆರೆಯಲಿಲ್ಲ. ಕೆಳಗಿನ ಮನೆಯವರು ತವರಿಗೆ ಹೋಗಿದ್ದರು. ನಮ್ಮವರಿಗೆ ಅವತ್ತಿನಿಂದ ಎರಡನೆಯ ಪಾಳಿ, ಬರುವುದು ತಡ. ಮನೆಯಲ್ಲಿ ನಾವಿಬ್ಬರೇ. ನಾನು ಅನ್ನ, ತೊವ್ವೆ, ಹೀರೇಕಾಯಿ ಪಲ್ಯ ಮಾಡಿಟ್ಟೆ, ಉಳ್ಳಾಗಡ್ಡಿ ಹಾಕದೆ. ಅತ್ತೆ ಪೂಜೆ ಮುಗಿಸಿ, ಬೆಲ್ಲ, ಕೊಬ್ಬರಿ, ಬಾಳೆಹಣ್ಣಿನ ತಟ್ಟೆ, ತಂಬಿಗೆ ಎಲ್ಲ ಹಿಂದಿನ ವರಾಂಡದಲ್ಲಿ ಜೋಡಿಸಿಕೊಂಡು ಕುರ್ಚಿಯಲ್ಲಿ ಕೂತರು. ಮಹಡಿ ಒದ್ದೆಯಾಗಿತ್ತು.

ಒಂಬತ್ತೂವರೆಯ ಆಸುಪಾಸು ಹೊತ್ತು ಎಷ್ಟಾಯಿತು ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಅವರು ಒಂದು ಮಾತನ್ನು ಎರಡು ಸಲ ಕೇಳುವವರಲ್ಲ. ಹೊರಗೆ ಬಂದು ನೋಡಿದರೆ, ತಣ್ಣಗೆ ಗಾಳಿ ಬೀಸುತ್ತಿದ್ದರೂ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಕೈ ಹಿಡಿದರೆ ನಡುಕ. ನನ್ನ ತಂದೆಗೂ ಇದೇ ಕಾಯಿಲೆ ಇದ್ದದ್ದರಿಂದ ಈ ಬೆವರು ನನಗೆ ಗೊತ್ತಿತ್ತು. ಗುಳಿಗೆ ತಗೊಂಡಿರೇನು ಎಂದು ಕೇಳಿದೆ. ತಲೆ ಆಡಿಸಿದರು.

"ಅವ್ವಾರ, ಬಾಯಿ ತೆಗೀರಿ. ಒಂದು ತುಣುಕು ಬೆಲ್ಲ ತಗೋರಿ."

"ಇನ್ನೂ ಬಂದಿಲ್ಲ. ಚಂದ್ರಾಮ ಬರ್ಲಿ."

"ನಿಮಗ ಸಕ್ರಿ ಕಡಿಮಿ ಆಗಾಕತ್ತೈತ್ರಿ. ಕಾಯೂದು ಆಗೂದಿಲ್ಲ."

ಅವರು ಮುಖ ಆ ಕಡೆ ತಿರುಗಿಸಿದರು. ತುಟಿ ಬಿಗಿದಿತ್ತು, ಆದರೆ ಕಣ್ಣು ನನ್ನನ್ನು ಸರಿಯಾಗಿ ನೋಡುತ್ತಿರಲಿಲ್ಲ. ಅವರನ್ನು ಒಬ್ಬರೇ ಬಿಟ್ಟು ಒಳಗೆ ಹೋಗಿ ಸಕ್ಕರೆ ಡಬ್ಬಿ ಹುಡುಕುವಷ್ಟು ಧೈರ್ಯ ನನಗೆ ಆಗಲಿಲ್ಲ. ಕೈಗೆ ಸಿಕ್ಕದ್ದು ಮುಂದಿದ್ದ ತಟ್ಟೆ. ದೇವರಿಗೆ ತೋರಿಸದ ಬೆಲ್ಲ. ಒಂದು ಕೈಯಿಂದ ಅವರ ಗಲ್ಲ ಹಿಡಿದು ಇನ್ನೊಂದರಿಂದ ಬೆಲ್ಲದ ತುಣುಕು ಬಾಯಿಗೆ ಹಾಕಿದೆ. ಮದುವೆಯಾಗಿ ಬಂದಾಗಿನಿಂದ ನಾನು ಅವರ ಮುಖ ಮುಟ್ಟಿದ್ದು ಅದೇ ಮೊದಲು. ಉಗುಳುತ್ತಾರೇನೋ ಎಂದುಕೊಂಡೆ. ಉಗುಳಲಿಲ್ಲ. ಇನ್ನೊಂದು ತುಣುಕು ಕೊಟ್ಟೆ, ಆಮೇಲೆ ಮತ್ತೊಂದು. ನೀರು ಕುಡಿಸಿದೆ. ಬಾಳೆಹಣ್ಣು ಸುಲಿದು ಕೊಟ್ಟಾಗ ತಾವೇ ಹಿಡಿದು ತಿಂದರು.

ನಿಧಾನಕ್ಕೆ ಬೆವರು ಆರಿತು. ಕಣ್ಣು ತಿಳಿಯಾಯಿತು. ತಿಳಿಯಾದ ಕಣ್ಣಿನಿಂದ ಅವರು ಮೊದಲು ನೋಡಿದ್ದು ಬೆಲ್ಲ ಖಾಲಿಯಾದ ತಟ್ಟೆಯನ್ನು. ಸೆರಗಿನಿಂದ ಬಾಯಿ ಒರೆಸಿಕೊಂಡು ಬಯಲಿನ ಕಡೆ ನೋಡುತ್ತ ಕೂತರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಗರ್ಭಿಣಿಯಾಗಿದ್ದಾಗ ಬಿಡದ ಉಪವಾಸ, ಮಾವನವರು ಆಸ್ಪತ್ರೆಯಲ್ಲಿದ್ದಾಗ ಬಿಡದ ಉಪವಾಸ. ಅದನ್ನು ನಾನು ಗಲ್ಲ ಹಿಡಿದು ಬಿಡಿಸಿದ್ದೆ.

ಆಗ ಫೋನು ಹೊಡೆದುಕೊಂಡಿತು. ವಿಜಾಪುರದಿಂದ ಅತ್ತೆಯ ತಂಗಿ. ನಮ್ಮವರು ಚಿಗವ್ವ ಎಂದು ಕರೆಯುವುದರಿಂದ ನನಗೂ ಚಿಗವ್ವ. ಅಕ್ಕತಂಗಿಯರಿಬ್ಬರೂ ಸಂಕಷ್ಟಿ ಮಾಡುವವರು, ಅವತ್ತು ರಾತ್ರಿ ಮಾತಾಡಿಕೊಳ್ಳುವುದು ಅವರ ವಾಡಿಕೆ. ಅತ್ತೆಗೆ ಎದ್ದು ಬರುವ ಶಕ್ತಿ ಇರಲಿಲ್ಲ, ನಾನೇ ಎತ್ತಿಕೊಂಡೆ. ಊಟ ಆಯಿತೇನು ಎಂದು ಕೇಳಿದರು.

"ಇನ್ನೂ ಇಲ್ರಿ ಚಿಗವ್ವಾರ. ಇಲ್ಲಿ ಹತ್ತರ ಹತ್ತಿರ ಐತಂತ."

"ಅದ್ಹೆಂಗಬೇ?" ಅಂದರು ಆ ಕಡೆಯಿಂದ. "ಇಲ್ಲಿ ಮಳಿ ಇಲ್ಲ, ಮುಗಿಲು ಸ್ವಚ್ಛ ಐತಿ. ಚಂದ್ರಾಮ ಕೆಂಪಗ ಬಂದ, ಅರ್ಘ್ಯ ಕೊಟ್ಟು ಒಳಗ ಬಂದೀನಿ. ದಿನಾ ಹೊತ್ತು ಮುಳುಗೂದು ನಿಮ್ಮಲ್ಲೇ ಮೊದಲಲ್ಲೇನ?"

ರಿಸೀವರು ಹಿಡಿದುಕೊಂಡೇ ನಾನು ನಿಂತುಬಿಟ್ಟೆ. ಸೂರ್ಯ ನಮ್ಮಲ್ಲಿ ವಿಜಾಪುರಕ್ಕಿಂತ ಮೊದಲು ಹುಟ್ಟುತ್ತಾನೆ, ಮೊದಲು ಮುಳುಗುತ್ತಾನೆ. ಚಂದ್ರನಿಗೆ ಬೇರೆ ದಾರಿ ಇಲ್ಲ. ಅಲ್ಲಿ ಅವನು ಮೇಲೆ ಬಂದು, ಚಿಗವ್ವ ತಂಬಿಗೆ ಖಾಲಿ ಮಾಡಿ ಒಳಗೆ ಬಂದಿದ್ದಾರೆ ಅಂದರೆ ಇಲ್ಲಿ ಹುಟ್ಟಿ ಬಹಳ ಹೊತ್ತಾಗಿದೆ. ನಾನು ಬೆಲ್ಲ ಹಾಕುವಾಗ ಅವನು ಮೋಡದ ಹಿಂದೆ ಇದ್ದ. ಚೀಟಿಯಲ್ಲಿ ಬರೆದದ್ದು ಹೇಗೋ ತಪ್ಪಾಗಿದೆ.

ಚಿಗವ್ವನಿಗೆ ಆಮೇಲೆ ಮಾಡುತ್ತೇನೆಂದು ಹೇಳಿ ಫೋನಿಟ್ಟು ವರಾಂಡಕ್ಕೆ ಹೋದೆ. ಅತ್ತೆಗೆ ಒಂದೊಂದಾಗಿ ಹೇಳಿದೆ. ಅವರು ತಮ್ಮಷ್ಟಕ್ಕೆ ಲೆಕ್ಕ ಹಾಕಿಕೊಂಡರು. ಹುಬ್ಬಳ್ಳಿಯ ಸಮಯ ಏನಿತ್ತು ಎಂದು ಕೇಳಿದರು. ನಾನು ಹೋಗಿ ಗಡಿಯಾರದ ಕೆಳಗಿನ ಕ್ಯಾಲೆಂಡರು ನೋಡಿ ಬಂದೆ. ಅದೂ ಕಳೆದುಹೋಗಿತ್ತು. ಅಷ್ಟು ಸಾಕಾಯಿತು ಅವರಿಗೆ.

"ಹಂಗಾದ್ರ ಉಪವಾಸ ಮುರಿದಿಲ್ಲ," ಅಂದರು. "ನೈವೇದ್ಯ ತೋರಿಸ್ಲಿಲ್ಲ, ಅಷ್ಟ."

ನಾನು ತಟ್ಟೆ ಎತ್ತಿಕೊಂಡೆ. ಅವರು ನನ್ನ ಮುಖ ನೋಡಿದರು.

"ಚಂದ್ರಾಮ ಬಂದಿರ್ಲಿಲ್ಲ ಅಂದ್ರೂ ಕೊಡ್ತಿದ್ದಿ ನೀ?"

"ಹೌದ್ರಿ. ಕೊಡ್ತಿದ್ದೆ."

"ಕೊಡಬೇಕು ಬಿಡು," ಅಂದರು. "ನಾನಾಗಿದ್ರೂ ಅದನ್ನ ಮಾಡ್ತಿದ್ದೆ. ಡಬ್ಬಿಯೊಳಗ ಬೆಲ್ಲ ಐತೇನ ನೋಡು."

ಇತ್ತು. ಇನ್ನೊಂದು ತುಂಡು ಕೊಬ್ಬರಿಯೂ ಸಿಕ್ಕಿತು. ಅವರ ತೋಳು ಹಿಡಿದು ನಿಲ್ಲಿಸಿದೆ. ಮೋಡದ ಕಡೆಗೇ ಅರ್ಘ್ಯ ಬಿಟ್ಟರು. ಒಳಗೆ ಬಂದು ಗಣಪತಿಗೆ ಬೆಲ್ಲ ತೋರಿಸಿ, ಆರತಿ ಎತ್ತಿ, ಊಟಕ್ಕೆ ಕೂತರು. ಅವತ್ತು ನಾನು ಬಡಿಸಿ ನಿಲ್ಲಲಿಲ್ಲ. ನನ್ನ ತಾಟನ್ನೂ ಹಾಕಿಕೊಂಡು ಅವರ ಎದುರಿಗೇ ಕೂತೆ. ಅವರು ಎರಡನೆಯ ಸಲ ಅನ್ನ ಕೇಳಿದಮೇಲೆಯೇ ನಾನು ಮೊದಲ ತುತ್ತು ಬಾಯಿಗಿಟ್ಟೆ.

ನಮ್ಮವರು ಬಂದು ಎಲ್ಲವನ್ನೂ ಕೇಳಿ ಬೆಳಗಿನತನಕ ಸರಿಯಾಗಿ ನಿದ್ದೆ ಮಾಡಲಿಲ್ಲ. ಮರುದಿನ ಪಾಳಿಗೆ ಹೋಗುವ ಮೊದಲು ಅದೇ ಅಂಗಡಿಗೆ ಹೋದರು. ಊರುಗಳ ಪಟ್ಟಿಯಲ್ಲಿ ಎರಡು ಹೈದರಾಬಾದ್ ಇದ್ದವಂತೆ. ಒಂದು ನಮ್ಮದು, ಇನ್ನೊಂದು ಪಾಕಿಸ್ತಾನದ ಸಿಂಧ್‌ನಲ್ಲಿರುವುದು. ಇವರು ಮೊದಲು ಕಂಡದ್ದನ್ನು ಒತ್ತಿದ್ದರು. ದೇಶದ ಹೆಸರು ಪಕ್ಕದಲ್ಲೇ ಇತ್ತು, ಓದಿರಲಿಲ್ಲ. ಅಲ್ಲಿಯ ಗಡಿಯಾರವೂ ಬೇರೆ, ಚಂದ್ರ ಹುಟ್ಟುವ ಹೊತ್ತೂ ಬೇರೆ. ಮನೆಗೆ ಬಂದು ಈ ಮಾತು ಹೇಳುವಾಗ ಅವರ ದನಿ ಕುಗ್ಗಿತ್ತು.

ಅತ್ತೆ ಅದನ್ನು ಕೇಳಿ, ಆ ಊರಲ್ಲೂ ಗಣಪತಿ ಮಾಡುವವರು ಇದ್ದಾರೇನು ಎಂದು ವಿಚಾರಿಸಿದರು. ಇರಬಹುದು ಎಂದರು ಮಗ. ಹಾಗಿದ್ದರೆ ಅವರಿಗೆ ಅದು ಸರಿಯಾದ ಹೊತ್ತೇ, ನಮಗೆ ಬೇಡ ಎಂದು ಮಾತು ಮುಗಿಸಿದರು. ಮಗನನ್ನು ಬೈಯಲಿಲ್ಲ. ಚೀಟಿ ತಂದಾಗಲೇ ಹುಬ್ಬಳ್ಳಿಯ ಸಮಯದ ಪಕ್ಕ ಇಟ್ಟು ನೋಡಬೇಕಿತ್ತು ಎಂದು ನನ್ನ ಕಡೆ ನೋಡಿ ಹೇಳಿದರು. ಅದು ನ್ಯಾಯವಾಗಿಯೇ ಇತ್ತು.

ಅದೇ ವಾರ ಅವರನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಉಪವಾಸ ಬಿಡಿ ಎಂದು ಹೇಳಿದರೆ ಅತ್ತೆ ಮತ್ತೆ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಭಯ ನನಗಿತ್ತು. ಡಾಕ್ಟರಮ್ಮ ಹೈದರಾಬಾದಿನ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ನಡುವೆ ಕೂತು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಉಪವಾಸ ಮಾಡದಿರುವುದೇ ಒಳ್ಳೆಯದು ಎಂದು ಮೊದಲು ಹೇಳಿದರು. ಅತ್ತೆ ಮುಖ ಗಂಟು ಹಾಕಿಕೊಂಡದ್ದನ್ನು ನೋಡಿ, ಮಾಡಲೇಬೇಕೆಂದರೆ ಹೀಗೆ ಎಂದರು. ಆ ದಿನ ಗುಳಿಗೆ ಎಷ್ಟು, ಯಾವಾಗ ಎಂಬುದನ್ನು ಬದಲಿಸಿ ಬರೆದರು. ರಾತ್ರಿಯದನ್ನು ತಾಟು ಮುಂದೆ ಬಂದಮೇಲೆಯೇ ನುಂಗಬೇಕು. ಮಧ್ಯಾಹ್ನ, ಸಂಜೆ ಏನಾದರೂ ತಿನ್ನಲೇಬೇಕು. ಬೆವರು, ನಡುಕ ಬಂದರೆ ಆ ಕ್ಷಣವೇ ಸಿಹಿ, ಆಮೇಲೆ ದೇವರು.

ಕೊನೆಯ ಮಾತನ್ನು ಅತ್ತೆ ಎರಡು ಸಲ ಹೇಳಿಸಿಕೊಂಡರು. ಹಣ್ಣು, ಹಾಲು ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದರು. ಬರುವಾಗ ದಾರಿಯಲ್ಲಿ, ಹಣ್ಣು ತಿಂದರೆ ಉಪವಾಸ ಕೆಡುವುದಿಲ್ಲವೆಂದು ತಮ್ಮ ಅತ್ತೆಯೂ ಹೇಳುತ್ತಿದ್ದರು, ತಾವೇ ಹಟ ಹಿಡಿದು ಬಿಟ್ಟದ್ದು ಎಂದು ನನಗೆ ಹೇಳಿದರು. ಅದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಮುಂದಿನ ತಿಂಗಳಿಂದ ಸಂಕಷ್ಟಿಯ ಹಿಂದಿನ ದಿನ ನಾನು ಕಾಲೇಜಿನಿಂದ ಬರುವಾಗ ನಾರಾಯಣಗೂಡದಲ್ಲಿ ಪಪ್ಪಾಯಿ, ಮೋಸಂಬಿ ಕೊಳ್ಳುತ್ತಿದ್ದೆ. ಮಧ್ಯಾಹ್ನ ಒಬ್ಬರೇ ಇದ್ದಾಗ ತಿನ್ನುತ್ತಾರೋ ಇಲ್ಲವೋ ಎಂದು ಕೆಳಗಿನ ಮನೆಯವರಿಗೆ ನೋಡಿಕೊಳ್ಳಲು ಹೇಳಿದ್ದೆ. ಅವರು ಹಣ್ಣು ಹೆಚ್ಚಿಕೊಂಡು ಮೇಲೆ ಬಂದು ಅತ್ತೆಯ ಎದುರಿಗೆ ಕೂತು ತಾವೂ ತಿನ್ನುತ್ತಿದ್ದರು. ನಮ್ಮವರಿಗೆ ಒಪ್ಪಿಸಿದ್ದ ಸಮಯ ನೋಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಊರಿನ ಹೆಸರು, ದೇಶದ ಹೆಸರು ಎರಡನ್ನೂ ಓದಿ, ವಿಜಾಪುರದ ಸಮಯಕ್ಕಿಂತ ಮೊದಲಿದೆಯೇ ಎಂದು ತಾಳೆ ನೋಡಿಯೇ ಬರೆದುಕೊಳ್ಳುತ್ತಿದ್ದೆ. ಆಷಾಢದ ಮೋಡದಲ್ಲೂ, ಶ್ರಾವಣದ ಮೋಡದಲ್ಲೂ ಅದರಂತೆಯೇ ನಡೆಯಿತು.

ಚಿಗವ್ವನಿಗೂ ಈ ಗದ್ದಲದಿಂದ ಒಂದು ಅನುಕೂಲವಾಯಿತು. ಇಲ್ಲಿ ಚಂದ್ರ ಹುಟ್ಟಿದಮೇಲೆ ಅಲ್ಲಿ ಹುಟ್ಟುವುದಕ್ಕೆ ಸ್ವಲ್ಪ ಹೊತ್ತು ಇರುತ್ತದಲ್ಲ. ಅತ್ತೆ ಅರ್ಘ್ಯ ಬಿಟ್ಟ ಕೂಡಲೇ ನಾವು ವಿಜಾಪುರಕ್ಕೆ ಫೋನು ಹಚ್ಚುತ್ತಿದ್ದೆವು. ಅತ್ತೆ ರಿಸೀವರಿನಲ್ಲಿ "ಬಂದ" ಎಂದಷ್ಟೇ ಹೇಳಿ ನನ್ನ ಕೈಗೆ ಕೊಡುತ್ತಿದ್ದರು. ಚಿಗವ್ವ ಎದ್ದು ದೀಪ ಹಚ್ಚಿ, ತಂಬಿಗೆಗೆ ನೀರು ತುಂಬುವ ಸದ್ದು ನನಗೆ ಕೇಳಿಸುತ್ತಿತ್ತು.